ಇಳಕಲ್ ಸೀರೆಗೊಂದು ಆನ್‌ಲೈನ್ ಅಂಗಡಿ

ಇಳಕಲ್ಲಿನಲ್ಲಿ ಒಂದು ಸಣ್ಣ ಸೀರೆ ಅಂಗಡಿ ಇದೆ ಎಂದುಕೊಳ್ಳೋಣ. ಹೊಸ ಸರಕು ಬಂದ ದಿನ ಅಂಗಡಿಯಾಕೆ ಹತ್ತು ಸೀರೆಗಳ ಫೋಟೊ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ. ಮಧ್ಯಾಹ್ನದೊಳಗೆ ಒಂದೇ ಹಸಿರು ಸೀರೆಯನ್ನು ಮೂವರು ಕೇಳಿರುತ್ತಾರೆ. "ಅಕ್ಕಾರ, ಆ ಹಸರ ಸೀರಿ ಇನ್ನೂ ಐತೇನ್ರಿ?" ಎಂದು ಹುಬ್ಬಳ್ಳಿಯಿಂದ ಒಬ್ಬರು, ಪುಣೆಯಿಂದ ಇನ್ನೊಬ್ಬರು. ಮೂರನೆಯವರು ಏನನ್ನೂ ಕೇಳದೆ ದುಡ್ಡನ್ನೇ ಕಳಿಸಿಬಿಟ್ಟಿರುತ್ತಾರೆ. ಅಷ್ಟರಲ್ಲಿ ಅಂಗಡಿಗೆ ಬಂದ ಗಿರಾಕಿಯೊಬ್ಬರು ಅದೇ ಸೀರೆಯನ್ನು ಕೊಂಡೊಯ್ದಾಗಿರುತ್ತದೆ. ಸಂಜೆಯ ಹೊತ್ತೆಲ್ಲ ಕ್ಷಮೆ ಕೇಳುವುದರಲ್ಲಿ, ಹಣ ವಾಪಸ್ ಕಳಿಸುವುದರಲ್ಲಿ ಕಳೆಯುತ್ತದೆ.

ಕೈಮಗ್ಗದ ಸೀರೆಯ ವ್ಯಾಪಾರದ ತೊಡಕು ಇರುವುದು ಇಲ್ಲಿಯೇ. ಒಂದು ವಿನ್ಯಾಸದ್ದು, ಒಂದು ಬಣ್ಣದ್ದು ಹಲವು ಸಲ ಒಂದೇ ಸೀರೆ ಇರುತ್ತದೆ. ಯಾವುದು ಉಳಿದಿದೆ, ಯಾವುದು ಹೋಗಿದೆ ಎಂಬ ಲೆಕ್ಕವನ್ನು ತಾನೇ ಇಟ್ಟುಕೊಂಡು, ಹಣ ಪಡೆದು, ವಿಳಾಸ ಬರೆದುಕೊಳ್ಳುವ ಅಂಗಡಿಯೊಂದು ಅಂತರ್ಜಾಲದಲ್ಲಿದ್ದರೆ ಈ ಗೊಂದಲದ ಬಹುಪಾಲು ಕರಗುತ್ತದೆ. ಅಂಥ ಅಂಗಡಿ ಕಟ್ಟಿಕೊಡುವ ಸೇವೆಗಳಲ್ಲಿ ಶಾಪಿಫೈ ಒಂದು. ಅದು ಹುಟ್ಟಿದ್ದು ಕೆನಡಾದ ಒಟ್ಟಾವಾದಲ್ಲಿ. ಟೋಬಿ ಲುಟ್ಕೆ ಮತ್ತು ಗೆಳೆಯರು ಹಿಮದ ಮೇಲೆ ಜಾರುವ ಹಲಗೆಗಳನ್ನು ಆನ್‌ಲೈನಿನಲ್ಲಿ ಮಾರಲು ಹೊರಟಾಗ ತಕ್ಕ ತಂತ್ರಾಂಶ ಸಿಗಲಿಲ್ಲ. ಲುಟ್ಕೆ ತಾವೇ ಒಂದನ್ನು ಬರೆದರು. ಹಲಗೆಗಿಂತ ಆ ತಂತ್ರಾಂಶಕ್ಕೇ ಬೇಡಿಕೆ ಹೆಚ್ಚೆಂದು ಕಂಡು, 2006ರಲ್ಲಿ ಅದನ್ನು ಬೇರೆ ವ್ಯಾಪಾರಿಗಳಿಗೂ ತೆರೆದಿಟ್ಟರು.

ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಮೊದಲೇ ತಿಳಿದಿರಬೇಕು. ಅವು ಜನ ಆಗಲೇ ನೆರೆದಿರುವ ಸಂತೆಗಳು. ಅಲ್ಲಿ ಜಾಗ ಪಡೆದವರಿಗೆ ಗಿರಾಕಿಗಳು ಸಿಗುತ್ತಾರೆ, ಆದರೆ ಪಕ್ಕದಲ್ಲೇ ಪೈಪೋಟಿಯ ನೂರು ಮಂದಿ ಇರುತ್ತಾರೆ. ಶಾಪಿಫೈ ಕೊಡುವುದು ಸ್ವಂತದ ಅಂಗಡಿ. ಅಲ್ಲಿಗೆ ಜನರನ್ನು ಕರೆತರುವ ಕೆಲಸ ಅಂಗಡಿಯವರದೇ. ವಾಟ್ಸ್‌ಆ್ಯಪ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಈಗಾಗಲೇ ಕೇಳುವವರಿದ್ದಾರೆ ಎನ್ನುವವರಿಗೆ ಇದು ಹೊಂದುತ್ತದೆ. ಒಬ್ಬ ಗಿರಾಕಿಯೂ ಇಲ್ಲದೆ ಅಂಗಡಿ ತೆರೆದು ಕಾಯುವವರಿಗೆ ತಿಂಗಳ ಬಾಡಿಗೆಯೇ ಭಾರವಾದೀತು.

ಬಾಡಿಗೆಯ ವಿಷಯವನ್ನು ಮೊದಲೇ ಬಿಡಿಸಿಟ್ಟುಕೊಳ್ಳುವುದು ಒಳ್ಳೆಯದು. ಮೊದಲ ಕೆಲವು ದಿನ ಉಚಿತವಾಗಿ ಬಳಸಿ ನೋಡಬಹುದು. ಆಮೇಲೆ ಚಿಕ್ಕ ಅಂಗಡಿಗೆ ಸಾಕಾಗುವ Basic ಯೋಜನೆಗೆ ಭಾರತದಲ್ಲಿ ತಿಂಗಳಿಗೆ ಸುಮಾರು ಎರಡು ಸಾವಿರ ರೂಪಾಯಿ. ವರ್ಷದ್ದನ್ನು ಒಟ್ಟಿಗೆ ಕಟ್ಟಿದರೆ ಕಡಿಮೆ ಬೀಳುತ್ತದೆ. ದರ, ರಿಯಾಯಿತಿಗಳು ಆಗಾಗ ಬದಲಾಗುವುದರಿಂದ ಸೇರುವ ದಿನ ಅವರ ದರಪಟ್ಟಿಯನ್ನೇ ನೋಡಬೇಕು. ಬಾಡಿಗೆಯ ಜೊತೆಗೆ ಕಣ್ಣಿಗೆ ಬೀಳದ ಇನ್ನೊಂದು ಖರ್ಚಿದೆ. ಶಾಪಿಫೈ ತನ್ನದೇ ಹಣಪಾವತಿ ಸೇವೆಯನ್ನು ಹಲವು ದೇಶಗಳಲ್ಲಿ ನಡೆಸುತ್ತದೆ, ಭಾರತದಲ್ಲಿ ಅದು ಇಲ್ಲ. ಇಲ್ಲಿನವರು ರೇಜರ್‌ಪೇ, ಪೇಯು, ಕ್ಯಾಶ್‌ಫ್ರೀಯಂಥ ಪೇಮೆಂಟ್ ಗೇಟ್‌ವೇ ಒಂದನ್ನು ಜೋಡಿಸಿಕೊಳ್ಳಬೇಕು. ಗೇಟ್‌ವೇ ತನ್ನ ಶುಲ್ಕ ಹಿಡಿದುಕೊಳ್ಳುತ್ತದೆ. ಹೊರಗಿನ ಗೇಟ್‌ವೇ ಬಳಸಿದ್ದಕ್ಕೆ ಶಾಪಿಫೈ ಕೂಡ Basic ಯೋಜನೆಯಲ್ಲಿ ಪ್ರತಿ ಮಾರಾಟದ ಮೇಲೆ ಶೇ. 2 ತೆಗೆದುಕೊಳ್ಳುತ್ತದೆ.

ಒಂದು ಸೀರೆಯ ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಹತ್ತಿ-ರೇಷ್ಮೆಯ ಇಳಕಲ್ ಸೀರೆಯೊಂದರ ಬೆಲೆ, ತೆರಿಗೆಯೂ ಸೇರಿ, 2,400 ರೂಪಾಯಿ ಎಂದಿಟ್ಟುಕೊಳ್ಳೋಣ. ಸಾಗಣೆಗೆ ಗಿರಾಕಿಯಿಂದ ಬೇರೆ ಹಣ ಕೇಳುವುದಿಲ್ಲ. ಅದರೊಳಗಿನ ಶೇ. 5ರ ಜಿಎಸ್‌ಟಿ 114 ರೂಪಾಯಿ. ಗೇಟ್‌ವೇ ಶೇ. 2 ಕೇಳಿದರೆ 48, ಆ ಶುಲ್ಕದ ಮೇಲೆ ಶೇ. 18ರ ಜಿಎಸ್‌ಟಿ ಸೇರಿ 57. ಶಾಪಿಫೈಗೆ 48. ಕೊರಿಯರ್‌ಗೆ ನೂರು, ಪ್ಯಾಕಿಂಗ್‌ಗೆ ಇಪ್ಪತ್ತೈದು ಎಂದರೆ ಕೈಯಲ್ಲಿ ಉಳಿಯುವುದು 2,056. ನೇಕಾರರಿಗೆ ಕೊಟ್ಟ ದುಡ್ಡು, ಅಂಗಡಿಯ ಲಾಭ ಎರಡೂ ಇದರೊಳಗೇ ಹೊಂದಬೇಕು. ತಿಂಗಳಿಗೆ ಹತ್ತೇ ಸೀರೆ ಹೋದರೆ ಬಾಡಿಗೆಯ ಪಾಲು ಪ್ರತಿ ಸೀರೆಗೆ ಇನ್ನೂ ಇನ್ನೂರು. ಐವತ್ತು ಹೋದರೆ ಅದು ನಲವತ್ತಕ್ಕೆ ಇಳಿಯುತ್ತದೆ. ಬೆಲೆಚೀಟಿ ಅಂಟಿಸುವ ಮುಂಚೆ ಈ ಲೆಕ್ಕ ಆಗಬೇಕು. ಅಂಗಡಿಯಲ್ಲಿ ಮಾರುವ ಬೆಲೆಯನ್ನೇ ಆನ್‌ಲೈನಿಗೂ ಇಟ್ಟವರಿಗೆ ಮಾರಾಟ ಹೆಚ್ಚಿದ ಮೇಲೂ ಹಣ ಏಕೆ ನಿಲ್ಲುತ್ತಿಲ್ಲ ಎಂಬುದು ತಿಳಿಯುವುದೇ ಇಲ್ಲ.

ಇನ್ನು ಕಟ್ಟುವ ಕೆಲಸ. shopify.com ಗೆ ಹೋಗಿ ಇ-ಮೇಲ್ ವಿಳಾಸ ಕೊಟ್ಟು ಖಾತೆ ತೆರೆಯಬೇಕು. ದೇಶ ಭಾರತ ಎಂದು ಆರಿಸಿದರೆ ಹಣದ ಲೆಕ್ಕ ರೂಪಾಯಿಯಲ್ಲಿ ಬರುತ್ತದೆ. ಖಾತೆ ತೆರೆದ ಕೂಡಲೇ ಅಂಗಡಿಗೆ .myshopify.com ಎಂದು ಕೊನೆಗೊಳ್ಳುವ ವಿಳಾಸವೊಂದು ಸಿಗುತ್ತದೆ. ಇದನ್ನು ಗಿರಾಕಿಗಳಿಗೆ ಕೊಡಬೇಕಿಲ್ಲ, ಸ್ವಂತ ವಿಳಾಸವನ್ನು ಆಮೇಲೆ ಜೋಡಿಸಬಹುದು. ಒಳಗೆ ಹೋದರೆ ಎಡಗಡೆ ಒಂದು ಪಟ್ಟಿ: ಬಂದ ಆರ್ಡರ್‌ಗಳಿಗೆ Orders, ಸರಕಿಗೆ Products, ಗಿರಾಕಿಗಳಿಗೆ Customers, ಅಂಗಡಿಯ ಮುಖಕ್ಕೆ Online Store. ಪಟ್ಟಿಯ ತಳದಲ್ಲಿ Settings. ಹೊಸಬರ ಸಮಯವೆಲ್ಲ Online Store ನಲ್ಲಿ ಬಣ್ಣ, ಅಕ್ಷರ ಬದಲಿಸುವುದರಲ್ಲಿ ಹೋಗುತ್ತದೆ. ಅಂಗಡಿ ನಡೆಯುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು Products ಮತ್ತು Settings ನಲ್ಲಿ. ಆದ್ದರಿಂದ ಸರಕಿನಿಂದಲೇ ಶುರು ಮಾಡುವುದು ಸರಿ.

Products ಒಳಗೆ Add product ಒತ್ತಿದರೆ ಉದ್ದನೆಯ ನಮೂನೆಯೊಂದು ತೆರೆಯುತ್ತದೆ. ಮೊದಲು ಹೆಸರು, ಆಮೇಲೆ ವಿವರಣೆ. ಎರಡನ್ನೂ ಕನ್ನಡದಲ್ಲಿ ಬರೆಯಬಹುದು, ಇಂಗ್ಲಿಷಿನಲ್ಲೂ ಬರೆಯಬಹುದು. ಒಂದೇ ವಿವರಣೆಯಲ್ಲಿ ಎರಡೂ ಇರಬಹುದು. ಅಂಗಡಿಗೆ ಬಂದವರು ಸೆರಗು ಬಿಚ್ಚಿ ನೋಡುತ್ತಾರೆ, ಬಟ್ಟೆ ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ಆನ್‌ಲೈನಿನಲ್ಲಿ ಆ ಕೆಲಸವನ್ನು ವಿವರಣೆ ಮಾಡಬೇಕು. "ಸುಂದರವಾದ ಸಾಂಪ್ರದಾಯಿಕ ಸೀರೆ" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಒಡಲು ಹತ್ತಿಯೋ ರೇಷ್ಮೆಯೋ, ಸೆರಗು ಅಪ್ಪಟ ರೇಷ್ಮೆಯೋ ಆರ್ಟ್ ಸಿಲ್ಕೋ, ಟೋಪ್ ತೆನಿ ಸೆರಗು ಹೌದೋ ಅಲ್ಲವೋ, ಅಂಚು ಚಿಕ್ಕಿಯದೋ ಗೋಮಿಯದೋ, ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ, ಉದ್ದ ಎಷ್ಟು, ಕುಪ್ಪಸದ ಬಟ್ಟೆ ಇದೆಯೋ ಇಲ್ಲವೋ, ಮೊದಲ ಒಗೆತದಲ್ಲಿ ಬಣ್ಣ ಬಿಡುವುದೋ ಹೇಗೆ: ಇಷ್ಟಿರಬೇಕು. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಕೂಡಿಸುವ ಕೊಂಡಿ ನೇಯ್ಗೆಯ ಬಗ್ಗೆ ಎರಡು ಸಾಲು ಬರೆದರೆ, ಬೆಲೆ ಯಾಕೆ ಇಷ್ಟು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಬರೆಯಬಾರದು. ನೇಕಾರರಿಗೂ ಗಿರಾಕಿಗೂ ಅದು ಅನ್ಯಾಯ.

ಫೋಟೊಗೆ ದುಬಾರಿ ಕ್ಯಾಮೆರಾ ಬೇಡ, ಹಗಲಿನ ಬೆಳಕು ಬೇಕು. ಬೆಳಿಗ್ಗೆ ಕಿಟಕಿಯ ಪಕ್ಕ, ಟ್ಯೂಬ್‌ಲೈಟ್ ಆರಿಸಿ, ಫೋನಿನ ಫಿಲ್ಟರ್‌ಗಳನ್ನೆಲ್ಲ ತೆಗೆದು ತೆಗೆಯಬೇಕು. ಪೂರ್ತಿ ಸೀರೆಯದೊಂದು, ಸೆರಗಿನದೊಂದು, ಅಂಚಿನದು ಹತ್ತಿರದಿಂದ ಒಂದು, ಹಿಂಬದಿಯ ನೇಯ್ಗೆಯದೊಂದು, ಉಟ್ಟವರದೊಂದು. 2048 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಚೌಕ ಚಿತ್ರವನ್ನು ಶಾಪಿಫೈ ಶಿಫಾರಸು ಮಾಡುತ್ತದೆ. ಎಲ್ಲ ಸೀರೆಗಳ ಚಿತ್ರವೂ ಒಂದೇ ಅಳತೆಯಲ್ಲಿದ್ದರೆ ಪುಟದಲ್ಲಿ ಸಾಲು ನೇರವಾಗಿ ನಿಲ್ಲುತ್ತದೆ. ಸೀರೆ ಹಿಂದಿರುಗಿ ಬರಲು ಮುಖ್ಯ ಕಾರಣಗಳಲ್ಲಿ ಒಂದು ಬಣ್ಣದ ವ್ಯತ್ಯಾಸ. ಚಿತ್ರ ಹಾಕಿದ ಮೇಲೆ ಇನ್ನೊಂದು ಫೋನಿನಲ್ಲಿ ಪುಟ ತೆರೆದು, ಸೀರೆಯನ್ನು ಪಕ್ಕದಲ್ಲಿ ಹಿಡಿದು ನೋಡಿದರೆ ಎಷ್ಟು ವ್ಯತ್ಯಾಸವಿದೆ ಎಂದು ತಿಳಿಯುತ್ತದೆ.

ಬೆಲೆಯ ಕೆಳಗೆ ದಾಸ್ತಾನಿನ ಭಾಗವಿದೆ. ಹಸಿರು ಸೀರೆಯ ತಂಟೆ ಬಗೆಹರಿಯುವುದು ಇಲ್ಲಿ. ದಾಸ್ತಾನು ಎಣಿಸುವ ಆಯ್ಕೆಯನ್ನು ಚಾಲೂ ಇಟ್ಟು, ಸಂಖ್ಯೆ 1 ಎಂದು ಬರೆಯಬೇಕು. Continue selling when out of stock ಎಂಬುದನ್ನು ಆರಿಸದೆ ಬಿಡಬೇಕು. ಆರಿಸಿದರೆ ಸೀರೆ ಮುಗಿದ ಮೇಲೂ ಆರ್ಡರ್ ಬರುತ್ತಲೇ ಇರುತ್ತದೆ. ಒಬ್ಬರು ಹಣ ಕಟ್ಟಿದ ಕೂಡಲೇ ಸಂಖ್ಯೆ ಸೊನ್ನೆಯಾಗಿ, ಉಳಿದವರಿಗೆ Sold out ಎಂದು ಕಾಣುತ್ತದೆ. ಬುಟ್ಟಿಗೆ ಹಾಕಿಕೊಂಡ ಮಾತ್ರಕ್ಕೆ ಸೀರೆ ಅವರದಾಗುವುದಿಲ್ಲ, ಹಣ ಕಟ್ಟಿ ಮುಗಿಸಿದವರದು ಅದು. ಆದರೆ ಅಂಗಡಿಯಲ್ಲಿ ಕೈಗೆ ಕೊಟ್ಟ ಸೀರೆಯನ್ನು ತಂತ್ರಾಂಶ ಊಹಿಸಲಾರದು. ಆನ್‌ಲೈನಿಗೆ ಹಾಕಿದ ಸೀರೆಗಳನ್ನು ಬೇರೆ ಕಪಾಟಿನಲ್ಲಿಟ್ಟು, ಅಲ್ಲಿಂದ ಯಾವುದನ್ನಾದರೂ ಕೈಯಲ್ಲಿ ಮಾರಿದರೆ ಆಗಲೇ ಫೋನಿನ ಶಾಪಿಫೈ ಆ್ಯಪ್ ತೆರೆದು ಸಂಖ್ಯೆ ತಗ್ಗಿಸುವುದು ಸುಲಭದ ದಾರಿ. ಪ್ರತಿ ಸೀರೆಗೂ SKU ಜಾಗದಲ್ಲಿ ಒಂದು ಗುರುತು ಕೊಟ್ಟು, ಅದನ್ನೇ ಸೀರೆಯ ಚೀಟಿಯ ಮೇಲೂ ಬರೆದರೆ ಹುಡುಕುವುದು ತಪ್ಪುತ್ತದೆ. ILK-CS-GRN-01 ಎಂಬಂಥ ಗುರುತು ಸಾಕು.

ಒಂದೇ ವಿನ್ಯಾಸವನ್ನು ನಾಲ್ಕು ಬಣ್ಣದಲ್ಲಿ ನೇಯಿಸಿದ್ದರೆ ನಾಲ್ಕು ಪುಟ ಬೇಡ. ಅದೇ ನಮೂನೆಯ Variants ಭಾಗದಲ್ಲಿ ಬಣ್ಣ ಎಂಬ ಆಯ್ಕೆ ಸೇರಿಸಿ, ಪ್ರತಿ ಬಣ್ಣಕ್ಕೂ ಬೇರೆ ಚಿತ್ರ, ಬೇರೆ ದಾಸ್ತಾನು ಕೊಡಬಹುದು. ಅಂಚು, ಒಡಲಿನ ಚೌಕಳಿ ಎಲ್ಲವೂ ಬೇರೆಯಾದ ಸೀರೆಗಳಿಗೆ ಬೇರೆ ಪುಟವೇ ಸರಿ. ನಮೂನೆಯ ಕೊನೆಯಲ್ಲಿ, ಹುಡುಕಾಟದ ಫಲಿತಾಂಶದಲ್ಲಿ ಪುಟ ಹೇಗೆ ಕಾಣಬೇಕೆಂಬ ಭಾಗದಲ್ಲಿ, ಪುಟದ ವಿಳಾಸವನ್ನು ತಿದ್ದಬಹುದು. ಸೀರೆಯ ಹೆಸರು ಕನ್ನಡದಲ್ಲಿದ್ದರೂ ವಿಳಾಸವನ್ನು ilkal-cotton-silk-green ಎಂದು ಇಂಗ್ಲಿಷ್ ಅಕ್ಷರದಲ್ಲೇ ಇಡುವುದು ಒಳಿತು. ಕನ್ನಡ ಅಕ್ಷರದ ವಿಳಾಸವನ್ನು ವಾಟ್ಸ್‌ಆ್ಯಪ್‌ಗೆ ಅಂಟಿಸಿದಾಗ ಅದು ಶೇಕಡಾ ಗುರುತುಗಳ ಉದ್ದನೆಯ ಸಾಲಾಗಿ ಕಾಣಬಹುದು, ಅಂಥ ಲಿಂಕ್ ಒತ್ತಲು ಜನ ಹಿಂಜರಿಯುತ್ತಾರೆ. ಕೊನೆಗೆ Status ಎಂಬಲ್ಲಿ Active ಎಂದಿರಬೇಕು. Draft ಎಂದಿದ್ದರೆ ಸೀರೆ ಅಂಗಡಿಯವರಿಗೆ ಮಾತ್ರ ಕಾಣುತ್ತದೆ, ಹೊರಗಿನವರಿಗೆ ಇಲ್ಲ.

ಇಷ್ಟಾದ ಮೇಲೆ ಅಂಗಡಿಯ ಮುಖ. Online Store ಒಳಗೆ Themes ಎಂಬಲ್ಲಿ ಸಿದ್ಧ ವಿನ್ಯಾಸಗಳಿವೆ. ಉಚಿತವಾದ Dawn ನಂಥ ವಿನ್ಯಾಸ ಸೀರೆ ಅಂಗಡಿಗೆ ಧಾರಾಳವಾಗಿ ಸಾಕು. ಮುಖಪುಟಕ್ಕೆ ಒಂದು ದೊಡ್ಡ ಚಿತ್ರ, ಹೊಸದಾಗಿ ಬಂದ ಸೀರೆಗಳು, ಅಂಗಡಿ ಎಲ್ಲಿದೆ ಎಂಬ ಎರಡು ಸಾಲು. ಹೆಚ್ಚಿನವರು ಫೋನಿನಲ್ಲೇ ನೋಡುವುದರಿಂದ ತಿದ್ದುವಾಗ ಫೋನಿನ ನೋಟವನ್ನೇ ಎದುರಿಟ್ಟುಕೊಳ್ಳಬೇಕು. ಹೆಚ್ಚುವರಿ ಆ್ಯಪ್‌ಗಳನ್ನು ಈ ಹಂತದಲ್ಲಿ ಸೇರಿಸುವ ಅಗತ್ಯವಿಲ್ಲ. ಹಲವಕ್ಕೆ ತಿಂಗಳ ಶುಲ್ಕವಿದೆ, ಪುಟ ತೆರೆಯುವುದನ್ನೂ ಅವು ನಿಧಾನ ಮಾಡಬಹುದು.

ಸ್ವಂತ ವಿಳಾಸ, ಅಂದರೆ ಡೊಮೇನ್, ಬೇಕಿದ್ದರೆ ಯಾವುದೇ ನೋಂದಣಿ ಸಂಸ್ಥೆಯಿಂದ ವರ್ಷದ ಲೆಕ್ಕದಲ್ಲಿ ಕೊಳ್ಳಬಹುದು. ಕೊಂಡ ಮೇಲೆ ಅವರ ತಾಣದ DNS ಪುಟದಲ್ಲಿ ಎರಡು ಸಾಲು ಬರೆಯಬೇಕು:

```
A      @     23.227.38.65
CNAME  www   shops.myshopify.com
```

ಬಳಿಕ ಶಾಪಿಫೈಯ Settings ಒಳಗಿನ Domains ನಲ್ಲಿ ಆ ಹೆಸರನ್ನು ಸೇರಿಸಿದರೆ ಜೋಡಣೆಯಾಗುತ್ತದೆ. ಬದಲಾವಣೆ ಎಲ್ಲ ಕಡೆ ಹರಡಿ, ಸುರಕ್ಷತೆಯ ಪ್ರಮಾಣಪತ್ರ ಬರಲು ಒಂದೆರಡು ದಿನ ಹಿಡಿಯಬಹುದು. ಅಲ್ಲಿಯವರೆಗೆ ಎಚ್ಚರಿಕೆಯ ಸಂದೇಶ ಕಂಡರೆ ಸಾಲುಗಳನ್ನು ಮತ್ತೆ ಮತ್ತೆ ತಿದ್ದದೆ ಕಾಯಬೇಕು. ಅದೇ ಹೆಸರಿಗೆ ಹಳೆಯ A ಸಾಲೊಂದು ಉಳಿದುಕೊಂಡಿದ್ದರೆ ಮಾತ್ರ ಅದನ್ನು ಅಳಿಸಬೇಕು.

ಹಣಪಾವತಿಯ ಜೋಡಣೆಗೆ ಎಲ್ಲಕ್ಕಿಂತ ಹೆಚ್ಚು ದಿನ ಬೇಕು, ಹಾಗಾಗಿ ಅರ್ಜಿಯನ್ನು ಬೇಗ ಹಾಕಿಬಿಡುವುದು ಜಾಣತನ. ಗೇಟ್‌ವೇಯವರು ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆಗಳನ್ನು ಕೇಳುತ್ತಾರೆ. ಅದರ ಜೊತೆಗೆ ಅಂಗಡಿಯ ತಾಣವನ್ನೂ ತೆರೆದು ನೋಡುತ್ತಾರೆ. ಸಂಪರ್ಕದ ವಿಳಾಸ, ಹಣ ಮರುಪಾವತಿಯ ನಿಯಮ, ಸಾಗಣೆಯ ನಿಯಮ, ಖಾಸಗಿತನದ ನಿಯಮ, ಬಳಕೆಯ ಷರತ್ತು, ಈ ಪುಟಗಳಿಲ್ಲದಿದ್ದರೆ ಅರ್ಜಿ ವಾಪಸ್ ಬರುತ್ತದೆ. ಹೊಸ ಅಂಗಡಿಗೆ ಶಾಪಿಫೈ ಗುಪ್ತಪದದ ಬೀಗ ಹಾಕಿರುತ್ತದೆ. ಬೀಗ ತೆಗೆಯದಿದ್ದರೆ, ಇಲ್ಲವೆ ಗುಪ್ತಪದವನ್ನು ಅವರಿಗೆ ಕೊಡದಿದ್ದರೆ, ಪರಿಶೀಲಿಸುವವರಿಗೆ ಕಾಣುವುದು ಖಾಲಿ ಪುಟ. ಅರ್ಜಿ ತಿರಸ್ಕೃತವಾದವರು ಮೊದಲು ನೋಡಬೇಕಾದದ್ದು ಈ ಎರಡನ್ನು.

ನಿಯಮದ ಪುಟಗಳಿಗೆ Settings ಒಳಗಿನ Policies ನಲ್ಲಿ ಸಿದ್ಧ ಮಾದರಿ ಸಿಗುತ್ತದೆ. ಅದನ್ನು ಹಾಗೆಯೇ ಬಿಡಬಾರದು. ಮಾದರಿಯಲ್ಲಿ ಮೂವತ್ತು ದಿನದೊಳಗೆ ವಾಪಸ್ ಎಂದಿದ್ದರೆ, ಮೂವತ್ತನೆಯ ದಿನ ಬಂದ ಸೀರೆಯನ್ನೂ ತೆಗೆದುಕೊಳ್ಳಬೇಕಾಗುತ್ತದೆ. ಎಷ್ಟು ದಿನ, ಉಟ್ಟ ಸೀರೆಗೆ ಏನು, ಅಂಚು ಹೊಲಿಸಿದ ಮೇಲೆ ಏನು, ವಾಪಸಿನ ಕೊರಿಯರ್ ಖರ್ಚು ಯಾರದು ಎಂಬುದನ್ನು ಅಂಗಡಿಯವರೇ ಯೋಚಿಸಿ ಸರಳವಾಗಿ ಬರೆಯಬೇಕು. 2020ರ ಗ್ರಾಹಕ ರಕ್ಷಣೆಯ ಇ-ವಾಣಿಜ್ಯ ನಿಯಮಗಳ ಪ್ರಕಾರ ವ್ಯಾಪಾರದ ಹೆಸರು, ವಿಳಾಸ, ಸಂಪರ್ಕ, ದೂರು ಆಲಿಸುವವರ ವಿವರ ತಾಣದಲ್ಲಿ ಕಾಣುವಂತಿರಬೇಕು.

ತೆರಿಗೆಯ ಒಂದು ಮಾತು ಹೊಸಬರಿಗೆ ಗೊತ್ತಿರುವುದಿಲ್ಲ. ಕರ್ನಾಟಕದೊಳಗೆ ಮಾತ್ರ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ತೆರಿಗೆಯುಳ್ಳ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ ಆ ಮಿತಿ ಅನ್ವಯಿಸುವುದಿಲ್ಲ. ಪುಣೆಗೆ ಒಂದೇ ಸೀರೆ ಕಳಿಸಬೇಕೆಂದರೂ ನೋಂದಣಿ ಬೇಕಾಗುತ್ತದೆ. ಅಧಿಸೂಚನೆಯ ಪಟ್ಟಿಯಲ್ಲಿರುವ ಕೆಲವು ಕರಕುಶಲ ವಸ್ತುಗಳಿಗೆ ಷರತ್ತಿನ ವಿನಾಯಿತಿ ಇದೆ. ತಮ್ಮ ಸರಕು ಅದರಲ್ಲಿ ಬರುತ್ತದೆಯೇ ಎಂದು ತೆರಿಗೆ ಸಲಹೆಗಾರರನ್ನು ಕೇಳಿಯೇ ಮುಂದುವರಿಯಬೇಕು. ನೋಂದಣಿ ಆದ ಮೇಲೆ Settings ಒಳಗಿನ ತೆರಿಗೆಯ ಪುಟದಲ್ಲಿ ಎರಡನ್ನು ನೋಡಬೇಕು. ಬೆಲೆಯೊಳಗೇ ತೆರಿಗೆ ಸೇರಿದೆ ಎಂಬ ಆಯ್ಕೆ ಚಾಲೂ ಇರಬೇಕು, ಇಲ್ಲದಿದ್ದರೆ 2,400ರ ಸೀರೆಗೆ ಕೊನೆಯ ಹಂತದಲ್ಲಿ ತೆರಿಗೆ ಮೇಲೆ ಬಿದ್ದು ಗಿರಾಕಿ ಗಾಬರಿಯಾಗುತ್ತಾರೆ. ತಂತ್ರಾಂಶ ತಾನಾಗಿ ಹಾಕಿದ ದರ ಸೀರೆಯ ಶೇ. 5ಕ್ಕೆ ಹೊಂದುತ್ತದೆಯೇ ಎಂದೂ ನೋಡಬೇಕು. ಹೊಂದದಿದ್ದರೆ ಸೀರೆಗಳನ್ನೆಲ್ಲ ಒಂದು Collection ಗೆ ಸೇರಿಸಿ, ಆ ಗುಂಪಿಗೆ ಬೇರೆ ದರ ನಿಗದಿ ಮಾಡಬಹುದು.

ಸಾಗಣೆಯ ಲೆಕ್ಕ ತಕ್ಕಡಿಯಿಂದ ಶುರುವಾಗಬೇಕು. ಸೀರೆಯನ್ನು ಪ್ಯಾಕ್ ಮಾಡಿ ತೂಗಿದಾಗ 650 ಗ್ರಾಂ ಬಂತು ಎಂದುಕೊಳ್ಳೋಣ. ಕೊರಿಯರ್‌ನವರು ಸಾಮಾನ್ಯವಾಗಿ ಅರ್ಧ ಕೆಜಿಯ ಹಂತದಲ್ಲಿ ಲೆಕ್ಕ ಹಾಕುವುದರಿಂದ ಅದು ಒಂದು ಕೆಜಿ ಆಗುತ್ತದೆ. ತೂಕದ ಜೊತೆಗೆ ಗಾತ್ರವನ್ನೂ ಅವರು ಅಳೆಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಹೆಚ್ಚಿನವರು 5,000ದಿಂದ ಭಾಗಿಸುತ್ತಾರೆ. ಅದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು. 35, 30, 8ರ ಪೆಟ್ಟಿಗೆಯಲ್ಲಿಟ್ಟರೆ ಅದೇ ಸೀರೆ 1.68 ಕೆಜಿ ಎನಿಸಿಕೊಳ್ಳುತ್ತದೆ. 32, 26, 4ರ ಚಪ್ಪಟೆ ಕವರಿನಲ್ಲಾದರೆ 0.67. ಅಂದವಾದ ದೊಡ್ಡ ಪೆಟ್ಟಿಗೆಗೆ ಪೆಟ್ಟಿಗೆಯ ಬೆಲೆಯಷ್ಟೇ ಅಲ್ಲ, ಒಳಗಿನ ಗಾಳಿಗೂ ಬಾಡಿಗೆ ತೆರಬೇಕಾಗುತ್ತದೆ.

ಈ ತೂಕವನ್ನು ಪ್ರತಿ ಸೀರೆಯ ಪುಟದಲ್ಲಿ ಬರೆದು, Settings ಒಳಗಿನ Shipping and delivery ಗೆ ಹೋಗಿ ವಲಯ ಮತ್ತು ದರ ಹಾಕಬೇಕು. ಮೊದಲಿಗೆ ವಲಯ ಭಾರತ ಒಂದೇ ಇರಲಿ. ವಿದೇಶದ ವಲಯವೊಂದು ತಾನಾಗಿಯೇ ಬಂದಿದ್ದರೆ, ಅಲ್ಲಿಗೆ ಕಳಿಸುವ ಖರ್ಚು ತಿಳಿಯುವವರೆಗೆ ತೆಗೆದುಹಾಕಬೇಕು. ತೂಕದ ಮೇಲೆ ದರ ಹಾಕುವವರು ಎಡವುವ ಜಾಗ ಒಂದಿದೆ. ಸೊನ್ನೆಯಿಂದ ಒಂದು ಕೆಜಿಯವರೆಗೆ ನೂರು ರೂಪಾಯಿ ಎಂದು ಹಾಕಿ ನಿಲ್ಲಿಸಿಬಿಡುತ್ತಾರೆ. ಗಿರಾಕಿ ಎರಡು ಸೀರೆ ಬುಟ್ಟಿಗೆ ಹಾಕಿದಾಗ ತೂಕ 1.3 ಕೆಜಿ. ಅದಕ್ಕೆ ಯಾವ ದರವೂ ಇಲ್ಲದ ಕಾರಣ, ಈ ವಿಳಾಸಕ್ಕೆ ಸಾಗಣೆ ಇಲ್ಲ ಎಂಬ ಸಂದೇಶ ಬಂದು ವ್ಯಾಪಾರ ನಿಂತುಹೋಗುತ್ತದೆ. ಒಂದೇ ಸೀರೆ ಕೊಳ್ಳುವವರಿಗೆ ಎಲ್ಲ ಸರಿಯಿರುವುದರಿಂದ ಅಂಗಡಿಯವರಿಗೆ ಇದು ಬಹುಕಾಲ ತಿಳಿಯುವುದೇ ಇಲ್ಲ. ಕೊನೆಯ ದರಕ್ಕೆ ಮೇಲಿನ ಮಿತಿ ಹಾಕದೆ ಬಿಡುವುದು ಪರಿಹಾರ. ಅದಕ್ಕಿಂತ ಸುಲಭ, ಸಾಗಣೆ ಖರ್ಚನ್ನು ಬೆಲೆಯಲ್ಲೇ ಸೇರಿಸಿ ಇಡೀ ದೇಶಕ್ಕೆ ಸೊನ್ನೆ ದರ ಹಾಕುವುದು. ಮೇಲಿನ 2,400ರ ಲೆಕ್ಕದಲ್ಲಿ ಮಾಡಿದ್ದು ಇದನ್ನೇ.

ಮನೆಗೆ ಬಂದ ಮೇಲೆ ಹಣ ಕೊಡುವ ಪದ್ಧತಿ, ಕ್ಯಾಶ್ ಆನ್ ಡೆಲಿವರಿ, ಬೇಕೇ ಎಂಬುದಕ್ಕೆ ನೇರ ಉತ್ತರವಿಲ್ಲ. Payments ಪುಟದ ಕೆಳಭಾಗದಲ್ಲಿ ಅದನ್ನು ಚಾಲೂ ಮಾಡಬಹುದು. ಅಂಥ ಮಾರಾಟಕ್ಕೆ ಶಾಪಿಫೈಯ ಶೇ. 2 ಇಲ್ಲ. ಅಪರಿಚಿತ ಅಂಗಡಿಗೆ ಮುಂಗಡ ಹಣ ಕಟ್ಟಲು ಅಂಜುವವರು ಇದರಿಂದ ಕೊಳ್ಳುತ್ತಾರೆ. ಆದರೆ ಬಾಗಿಲಿಗೆ ಬಂದದ್ದನ್ನು ಬೇಡವೆಂದರೆ ಹೋಗುವ, ಬರುವ ಎರಡೂ ಖರ್ಚು ಅಂಗಡಿಯ ತಲೆಗೆ. ಇನ್ನೂರು ರೂಪಾಯಿ ಹೀಗೆ ಹೋದರೆ ಮುಂದಿನ ಸೀರೆಯ ಲಾಭದಲ್ಲಿ ದೊಡ್ಡ ಪಾಲು ಅಲ್ಲಿಗೆ ಮುಗಿಯಿತು. ಒಂದೇ ಒಂದು ಇದ್ದ ಸೀರೆ ಅಷ್ಟೂ ದಿನ ಲಾರಿಯಲ್ಲಿ ಓಡಾಡುತ್ತಿದ್ದು, ಬೇರೆಯವರಿಗೆ ಮಾರಲು ಸಿಗುವುದಿಲ್ಲ ಎಂಬುದು ಇನ್ನೂ ದೊಡ್ಡ ನಷ್ಟ. ಆದ್ದರಿಂದ ಕೈಮಗ್ಗದ ಸೀರೆಗೆ ಮುಂಗಡ ಪಾವತಿಯೇ ಲೇಸು. ಕೊಡಲೇಬೇಕೆಂದರೆ ಪ್ರತಿ ಆರ್ಡರಿಗೂ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆ ಕಳಿಸುವುದು ಕ್ಷೇಮ.

ಬೀಗ ತೆಗೆಯುವ ಮುಂಚೆ ಅಂಗಡಿಯವರೇ ಒಂದು ಸಲ ಗಿರಾಕಿಯಾಗಬೇಕು. ಪರೀಕ್ಷೆಗೆಂದೇ ಶಾಪಿಫೈ ಒಂದು ನಕಲಿ ಪಾವತಿ ವ್ಯವಸ್ಥೆ ಕೊಟ್ಟಿದೆ, ಹೆಸರು Bogus Gateway. ಅದನ್ನು ಚಾಲೂ ಮಾಡಿ ಕಾರ್ಡಿನ ಸಂಖ್ಯೆಯ ಜಾಗದಲ್ಲಿ 1 ಎಂದು ಬರೆದರೆ ಪಾವತಿ ಆದಂತೆ, 2 ಎಂದರೆ ವಿಫಲವಾದಂತೆ ತೋರಿಸುತ್ತದೆ. ಮುಗಿದ ಮೇಲೆ ಅದನ್ನು ಆರಿಸಲು ಮರೆಯಬಾರದು. ಆಮೇಲೆ ನಿಜವಾದ ಗೇಟ್‌ವೇಯಲ್ಲೂ ಹತ್ತು ರೂಪಾಯಿಯ ಪರೀಕ್ಷಾ ವಸ್ತುವೊಂದನ್ನು ಯುಪಿಐ ಮೂಲಕ ಕೊಂಡು ನೋಡಬೇಕು. ಹಣ ಹೋಯಿತೇ, Orders ನಲ್ಲಿ Paid ಎಂದು ಬಂತೇ, ಇ-ಮೇಲ್ ತಲುಪಿತೇ, ದಾಸ್ತಾನು ಒಂದು ಇಳಿಯಿತೇ, ಎರಡು ಮೂರು ಕೆಲಸದ ದಿನಗಳಲ್ಲಿ ಹಣ ಬ್ಯಾಂಕಿಗೆ ಬಂತೇ. ಒಂದು ಸೀರೆ, ಮೂರು ಸೀರೆ, ಇಳಕಲ್ಲಿನ ಪಿನ್‌ಕೋಡ್, ಗುವಾಹಟಿಯ ಪಿನ್‌ಕೋಡ್, ಹೀಗೆ ಬೇರೆ ಬೇರೆ ಬುಟ್ಟಿಗಳನ್ನು ಕೊನೆಯ ಹಂತದವರೆಗೆ ತಳ್ಳಿ ನೋಡಿದರೆ ಸಾಗಣೆಯ ತೂತುಗಳೆಲ್ಲ ಆಗಲೇ ಕಾಣುತ್ತವೆ. ಎಲ್ಲ ಸರಿಯಿದ್ದರೆ ಯೋಜನೆಯನ್ನು ಆರಿಸಿ ಹಣ ಕಟ್ಟಿ, Online Store ಒಳಗಿನ Preferences ನಲ್ಲಿ ಗುಪ್ತಪದ ತೆಗೆಯುವುದು. ಅಲ್ಲಿಗೆ ಅಂಗಡಿ ತೆರೆದಂತೆ.

ತೆರೆದ ದಿನ ಇಡೀ ಅಂಗಡಿಯ ಲಿಂಕ್ ಕಳಿಸುವುದಕ್ಕಿಂತ, ಸ್ಟೇಟಸ್‌ನಲ್ಲಿ ಹಾಕಿದ ಪ್ರತಿ ಸೀರೆಯ ಜೊತೆಗೆ ಅದೇ ಸೀರೆಯ ಪುಟದ ಲಿಂಕ್ ಹಾಕುವುದು ಫಲ ಕೊಡುತ್ತದೆ. ಆರ್ಡರ್ ಬಂದಾಗ ಅದು Unfulfilled ಎಂದು ತೋರಿಸುತ್ತದೆ. ಸೀರೆಯನ್ನು ಕೊರಿಯರ್‌ಗೆ ಕೊಟ್ಟು, ರಸೀದಿಯ ಮೇಲಿನ ಟ್ರ್ಯಾಕಿಂಗ್ ಸಂಖ್ಯೆಯನ್ನು ಅಲ್ಲಿ ತುಂಬಿದರೆ ಗಿರಾಕಿಗೆ ತಾನಾಗಿಯೇ ಸುದ್ದಿ ಹೋಗುತ್ತದೆ. ವಾರಕ್ಕೊಮ್ಮೆ Orders ಒಳಗಿನ Abandoned checkouts ಪಟ್ಟಿಯನ್ನೂ ನೋಡಬೇಕು. ವಿಳಾಸ ಬರೆದು, ಹಣ ಕಟ್ಟದೆ ಹೋದವರು ಅಲ್ಲಿ ಸಿಗುತ್ತಾರೆ. ಒಂದೇ ರಾಜ್ಯದ ಹಲವರು ಅಲ್ಲೇ ನಿಂತಿದ್ದರೆ ಸಾಗಣೆಯ ದರ ನೋಡಬೇಕು. ಎಲ್ಲ ಕಡೆಯವರೂ ಪಾವತಿಯ ಹಂತದಲ್ಲೇ ನಿಂತಿದ್ದರೆ ತೊಂದರೆ ಗೇಟ್‌ವೇಯಲ್ಲಿ ಇದ್ದೀತು.

ವಾಪಸ್ ಬಂದ ಸೀರೆಯ ಹಣ ಮರಳಿಸುವಾಗ, ಅದನ್ನು ಮತ್ತೆ ದಾಸ್ತಾನಿಗೆ ಸೇರಿಸಬೇಕೇ ಎಂದು Restock ಎಂಬ ಗುರುತಿನ ಮುಂದೆ ಶಾಪಿಫೈ ಕೇಳುತ್ತದೆ. ಸೀರೆ ಕೈಗೆ ಬಂದು, ಮಡಿಕೆ ಬಿಚ್ಚಿ, ಅಂಚಿನಲ್ಲಿ ಕಲೆಯಿಲ್ಲವೆಂದು ಕಂಡ ಮೇಲಷ್ಟೇ ಅದಕ್ಕೆ ಒಪ್ಪಬೇಕು. ಅವಸರದಲ್ಲಿ ಗುರುತು ಹಾಕಿದರೆ, ಇನ್ನೂ ದಾರಿಯಲ್ಲಿರುವ ಅದೇ ಸೀರೆ ಪುಟದಲ್ಲಿ ಮತ್ತೆ ಮಾರಾಟಕ್ಕೆ ನಿಂತುಬಿಡುತ್ತದೆ.